ತಪ್ಪು ಆಯ್ಕೆಯೂ ಸರಿಯಾಗಿರುವ ಪರೀಕ್ಷೆ

ಕಂಪ್ಯೂಟರ್ ವ್ಯವಸ್ಥೆಗಳ ಲೆಕ್ಕಪರಿಶೋಧನೆ ಮಾಡುವವರು ಬರೆಯುವ ಸೀಸಾ ಎಂಬ ಪರೀಕ್ಷೆಯೊಂದಿದೆ. ಬ್ಯಾಂಕಿನ ತಪಾಸಣಾ ವಿಭಾಗದವರು, ಚಾರ್ಟರ್ಡ್ ಅಕೌಂಟೆಂಟರು, ಐಟಿ ಕಂಪನಿಗಳ ಭದ್ರತಾ ವಿಭಾಗದವರು ಕೆಲಸದ ನಡುವೆಯೇ ಅದಕ್ಕೆ ಓದುತ್ತಾರೆ. ನಾಲ್ಕು ಗಂಟೆಯಲ್ಲಿ 150 ಪ್ರಶ್ನೆ, ಪ್ರತಿ ಪ್ರಶ್ನೆಗೂ ನಾಲ್ಕು ಆಯ್ಕೆ. ಅದರಲ್ಲಿ ರಿಸ್ಕ್ ಅಸೆಸ್‌ಮೆಂಟ್, ಅಂದರೆ ಅಪಾಯದ ಅಂದಾಜು, ಎಂಬ ಭಾಗಕ್ಕೆ ಬಂದಾಗ ಅನುಭವಿಗಳೇ ಎಡವುತ್ತಾರೆ. ಕಾರಣ ಸರಳ. ಅಲ್ಲಿ ಕೊಡುವ ತಪ್ಪು ಆಯ್ಕೆಗಳು ಸುಳ್ಳಾಗಿರುವುದಿಲ್ಲ. ನಾಲ್ಕೂ ಮಾಡಬೇಕಾದ ಕೆಲಸಗಳೇ. ಆದರೆ ಮೂರಕ್ಕೆ ಇನ್ನೂ ಹೊತ್ತು ಬಂದಿರುವುದಿಲ್ಲ, ಇಲ್ಲವೇ ಹೊತ್ತು ಮೀರಿರುತ್ತದೆ.

ಇವತ್ತು ಒಂದೇ ಕಥೆ ಹಿಡಿದು ಐದು ಪ್ರಶ್ನೆ ಬಿಡಿಸೋಣ. ತಾಲ್ಲೂಕು ಕೇಂದ್ರವೊಂದರಲ್ಲಿ ಒಂದು ಪತ್ತಿನ ಸಹಕಾರ ಸಂಘ ಇದೆ ಎಂದಿಟ್ಟುಕೊಳ್ಳಿ. ಕಚೇರಿ ನೆಲಮಹಡಿಯಲ್ಲಿ, ರಾಜಕಾಲುವೆಯ ಪಕ್ಕದ ತಗ್ಗಿನಲ್ಲಿ. ಹಿಂದಿನ ಕೋಣೆಯಲ್ಲಿ ಸರ್ವರ್ ಯಂತ್ರವನ್ನು ನೆಲದ ಮೇಲೇ ಇಟ್ಟಿದ್ದಾರೆ. ಸದಸ್ಯರ ಠೇವಣಿ, ಸಾಲ, ಬಡ್ಡಿಯ ಲೆಕ್ಕ ಎಲ್ಲ ಅದರಲ್ಲೇ.

ಮೊದಲ ಪ್ರಶ್ನೆ. ಸಂಘ ಇದೇ ಮೊದಲ ಸಲ ಅಪಾಯದ ಅಂದಾಜಿಗೆ ಕೈಹಾಕಿದೆ. ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಯಾವುದು? ಅ, ಒಳ್ಳೆಯ ಫೈರ್‌ವಾಲ್ ಕೊಳ್ಳುವುದು. ಆ, ಬರಬಹುದಾದ ಬೆದರಿಕೆಗಳನ್ನು ಪಟ್ಟಿ ಮಾಡುವುದು. ಇ, ಸಂಘದಲ್ಲಿ ಯಾವ ಮಾಹಿತಿ, ಯಾವ ಯಂತ್ರ ಇದೆ, ಅದರ ಬೆಲೆ ಏನು ಎಂದು ಗುರುತಿಸುವುದು. ಈ, ವರ್ಷಕ್ಕೆ ಎಷ್ಟು ನಷ್ಟವಾದೀತೆಂದು ಲೆಕ್ಕ ಹಾಕುವುದು.

ಬಹಳ ಮಂದಿ ‘ಆ’ ಎನ್ನುತ್ತಾರೆ. ಸರಿಯುತ್ತರ ‘ಇ’. ಬೆದರಿಕೆ ಎಂದ ಕೂಡಲೇ, ಯಾವುದಕ್ಕೆ ಎಂದು ಕೇಳಬೇಕು. ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯ ಪ್ರಿಂಟರ್‌ಗೂ ಸಾಲದ ಲೆಕ್ಕವಿರುವ ಸರ್ವರ್‌ಗೂ ಬರುವುದು ಒಂದೇ ನೆರೆ. ನಷ್ಟ ಮಾತ್ರ ಬೇರೆ. ಕೆಲವೊಮ್ಮೆ ಈ ಹೆಜ್ಜೆಯಲ್ಲೇ ಅಚ್ಚರಿ ಕಾದಿರುತ್ತದೆ. ಸಂಘದ ಅತ್ಯಂತ ಬೆಲೆಬಾಳುವ ವಸ್ತು ಸರ್ವರ್ ಅಲ್ಲ, ಗುಮಾಸ್ತರು ದಿನಾ ಸಂಜೆ ಲೆಕ್ಕದ ನಕಲು ತುಂಬಿಕೊಂಡು ಮನೆಗೆ ಒಯ್ಯುವ ಹಾರ್ಡ್ ಡಿಸ್ಕ್ ಎಂದು ಗೊತ್ತಾಗಬಹುದು. ಅದು ಪಟ್ಟಿಗೇ ಬರದಿದ್ದರೆ ಮುಂದಿನ ಯಾವ ಹೆಜ್ಜೆಯೂ ಅದನ್ನು ಮುಟ್ಟುವುದಿಲ್ಲ.

ಇಲ್ಲೊಂದು ಕೊಕ್ಕೆ ಇದೆ. ‘ಅಂದಾಜಿನ ಉದ್ದೇಶ ಮತ್ತು ವ್ಯಾಪ್ತಿಯನ್ನು ಗೊತ್ತುಪಡಿಸುವುದು’ ಎಂಬ ಆಯ್ಕೆಯೂ ಎದುರಿಗಿದ್ದರೆ ಅದೇ ಮೊದಲು ಬರುತ್ತದೆ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಹೊರತಂದಿರುವ 800-30 ಎಂಬ ಕೈಪಿಡಿಯ 2012ರ ಪರಿಷ್ಕೃತ ಆವೃತ್ತಿಯಲ್ಲಿ ಇರುವುದು ನಾಲ್ಕು ಹೆಜ್ಜೆ: ಸಿದ್ಧತೆ, ಅಂದಾಜು, ಫಲಿತಾಂಶವನ್ನು ತಿಳಿಸುವುದು, ಅಂದಾಜನ್ನು ಹೊಸದಾಗಿಟ್ಟುಕೊಳ್ಳುವುದು. ಉದ್ದೇಶ, ವ್ಯಾಪ್ತಿ ಎಲ್ಲ ಸಿದ್ಧತೆಯಲ್ಲಿ ಬರುತ್ತವೆ. ಅದೇ ಕೈಪಿಡಿಯ 2002ರ ಆವೃತ್ತಿಯಲ್ಲಿ ಒಂಬತ್ತು ಹೆಜ್ಜೆಗಳಿದ್ದವು. ನಿಮ್ಮ ಕೈಯಲ್ಲಿರುವ ಪ್ರಶ್ನೆಗಳ ಪುಸ್ತಕ ಈ ಕೈಪಿಡಿಯ ಹೆಸರು ಹೇಳಿ ಒಂಬತ್ತು ಎಂದರೆ ಅದು ಹಳೆಯದು. ದುಡ್ಡು ಕೊಟ್ಟು ಕೊಂಡಿದ್ದರೂ ಪಕ್ಕಕ್ಕಿಡಿ.

ಎರಡನೆಯ ಪ್ರಶ್ನೆ. ನಮ್ಮ ಸಂಘದ ಕಥೆಯಲ್ಲಿ ವಲ್ನರಬಿಲಿಟಿ, ಅಂದರೆ ದೌರ್ಬಲ್ಯ, ಯಾವುದು? ಅ, ರಾಜಕಾಲುವೆ ಉಕ್ಕಿ ಬರುವ ನೀರು. ಆ, ಸರ್ವರ್ ಅನ್ನು ನೆಲದ ಮೇಲೆ ಇಟ್ಟಿರುವುದು. ಇ, ಸಾಲದ ಲೆಕ್ಕ ಅಳಿಸಿಹೋಗುವುದು. ಈ, ಹೊಸ ಯಂತ್ರಕ್ಕೆ ತಗಲುವ ಖರ್ಚು.

ಉತ್ತರ ‘ಆ’. ನೀರು ಬೆದರಿಕೆ. ಲೆಕ್ಕ ಅಳಿಸಿಹೋಗುವುದು, ಖರ್ಚು ಬೀಳುವುದು ಪರಿಣಾಮ. ಇವನ್ನು ಬಿಡಿಸಿ ನೋಡಲು ಸುಲಭದ ದಾರಿ ಎಂದರೆ, ಯಾವುದು ನಮ್ಮ ಕೈಯಲ್ಲಿದೆ ಎಂದು ಕೇಳುವುದು. ಮಳೆಯನ್ನು ಸಂಘದ ಕಾರ್ಯದರ್ಶಿ ನಿಲ್ಲಿಸಲಾರರು. ಯಂತ್ರವನ್ನು ಎತ್ತಿಡಿಸಬಲ್ಲರು. ಹಾಗಾದರೆ ಕಚೇರಿ ತಗ್ಗಿನಲ್ಲಿದೆಯಲ್ಲ, ಅದೇನು? ಆ ಕೈಪಿಡಿ ಅದಕ್ಕೆಂದೇ ಇನ್ನೊಂದು ಖಾನೆ ಮಾಡಿಟ್ಟಿದೆ. ನೆರೆ ಬರುವ ಜಾಗದಲ್ಲಿ ಕಟ್ಟಡವಿರುವುದು ಪೂರ್ವಸ್ಥಿತಿ, ಪರೀಕ್ಷೆಯ ಭಾಷೆಯಲ್ಲಿ ಪ್ರೀಡಿಸ್ಪೋಸಿಂಗ್ ಕಂಡೀಷನ್. ಅದು ಬೆದರಿಕೆಯಲ್ಲ, ಬೆದರಿಕೆ ಬಂದಾಗ ಹಾನಿಯಾಗುವ ಸಂಭವವನ್ನು ಏರಿಸುವ ಸಂಗತಿ.

ಮೂರನೆಯದು ಲೆಕ್ಕದ ಪ್ರಶ್ನೆ. ಪೆನ್ಸಿಲ್ ಹತ್ತಿರವಿದ್ದರೆ ಬರೆದುಕೊಳ್ಳಿ. ಸರ್ವರ್ ಮತ್ತು ಅದರ ಜೊತೆಗಿನ ಉಪಕರಣಗಳ ಬೆಲೆ 8 ಲಕ್ಷ ರೂಪಾಯಿ. ನೀರು ನುಗ್ಗಿದರೆ ಅದರಲ್ಲಿ ಶೇಕಡ 25 ಭಾಗ ಹಾಳಾಗುತ್ತದೆ. ನೀರು ನುಗ್ಗುವುದು ಐದು ವರ್ಷಕ್ಕೊಮ್ಮೆ. ವರ್ಷಕ್ಕೆ ನಿರೀಕ್ಷಿಸಬಹುದಾದ ನಷ್ಟ ಎಷ್ಟು? ಅ, 2 ಲಕ್ಷ. ಆ, 1 ಲಕ್ಷ 60 ಸಾವಿರ. ಇ, 40 ಸಾವಿರ. ಈ, 10 ಲಕ್ಷ.

ಒಮ್ಮೆ ನೀರು ಬಂದರೆ ಆಗುವ ನಷ್ಟ 8 ಲಕ್ಷದ ಕಾಲು ಭಾಗ, 2 ಲಕ್ಷ. ಐದು ವರ್ಷಕ್ಕೊಮ್ಮೆ ಎಂದರೆ ವರ್ಷಕ್ಕೆ 0.2 ಸಲ. 2 ಲಕ್ಷವನ್ನು 0.2ರಿಂದ ಗುಣಿಸಿದರೆ 40 ಸಾವಿರ. ಉತ್ತರ ‘ಇ’. ಪ್ರಶ್ನೆಪತ್ರಿಕೆಯಲ್ಲಿ ಇದನ್ನು ಎಎಲ್‌ಇ ಎಂದು ಕರೆಯುತ್ತಾರೆ, ಒಂದು ಸಲದ ನಷ್ಟವನ್ನು ಎಸ್‌ಎಲ್‌ಇ ಎನ್ನುತ್ತಾರೆ.

ಉಳಿದ ಮೂರು ಅಂಕಿಗಳು ಸುಮ್ಮನೆ ಬಂದವಲ್ಲ. 2 ಲಕ್ಷ ಎಂದವರು ಅರ್ಧ ದಾರಿಯಲ್ಲಿ ನಿಂತಿದ್ದಾರೆ, ಒಂದು ಸಲದ ನಷ್ಟವನ್ನೇ ವರ್ಷದ ನಷ್ಟ ಎಂದುಕೊಂಡಿದ್ದಾರೆ. 1 ಲಕ್ಷ 60 ಸಾವಿರ ಎಂದವರು ಶೇಕಡ 25ನ್ನು ಮರೆತು 8 ಲಕ್ಷವನ್ನೇ 0.2ರಿಂದ ಗುಣಿಸಿದ್ದಾರೆ. 10 ಲಕ್ಷ ಎಂದವರು ಭಾಗಿಸುವ ಬದಲು ಐದರಿಂದ ಗುಣಿಸಿದ್ದಾರೆ. ಪ್ರಶ್ನೆ ಬರೆದವರು ನಿಮ್ಮ ಒಂದೊಂದು ತಪ್ಪಿಗೂ ಒಂದೊಂದು ಆಯ್ಕೆ ಇಟ್ಟಿರುತ್ತಾರೆ. ಹಾಗಾಗಿ ನಿಮಗೆ ಬಂದ ಅಂಕಿ ಆಯ್ಕೆಗಳಲ್ಲಿ ಕಾಣಿಸಿತು ಎಂದಷ್ಟಕ್ಕೇ ಅದು ಸರಿ ಎಂದುಕೊಳ್ಳಬೇಡಿ.

ಈ 40 ಸಾವಿರದ ಮಿತಿಯನ್ನೂ ತಿಳಿದಿರಬೇಕು. ಯಾವ ವರ್ಷವೂ ಸಂಘಕ್ಕೆ 40 ಸಾವಿರ ನಷ್ಟ ಆಗುವುದಿಲ್ಲ. ನಾಲ್ಕು ವರ್ಷ ಏನೂ ಇಲ್ಲ, ಒಂದು ವರ್ಷ 2 ಲಕ್ಷ. ಅದೂ ಸರಾಸರಿಯ ಮಾತು, ಸತತ ಎರಡು ವರ್ಷ ನೀರು ನುಗ್ಗಲೂಬಹುದು. ಇನ್ನು ಆ ಐದು ವರ್ಷ ಎಲ್ಲಿಂದ ಬಂತು? ಪಕ್ಕದ ಅಂಗಡಿಯವರ ನೆನಪಿನಿಂದಲೋ, ಮಳೆಯ ದಾಖಲೆಯಿಂದಲೋ? ಮೂರು ವರ್ಷಕ್ಕೊಮ್ಮೆ ಎಂದಾದರೆ ಇದೇ ನಷ್ಟ 66 ಸಾವಿರ ದಾಟುತ್ತದೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಐಟಿ ಕಚೇರಿಗಳ ಸುತ್ತ ನೀರು ನಿಂತಿತ್ತು. ಅದಕ್ಕೆ ಮೊದಲು ಬರೆದ ಅಂದಾಜುಗಳಿಗೂ ಆಮೇಲೆ ಬರೆದವುಗಳಿಗೂ ಒಂದೇ ಅಂಕಿ ಹೊಂದುವುದಿಲ್ಲ. ಇನ್ನೂ ಒಂದು ಮಾತು. 8 ಲಕ್ಷ ಯಂತ್ರದ ಬೆಲೆ ಮಾತ್ರ. ಕೌಂಟರ್ ಮುಚ್ಚಿದ ದಿನಗಳ ನಷ್ಟ, ಠೇವಣಿ ಹಿಂಪಡೆಯಲು ಸಾಲುಗಟ್ಟುವ ಸದಸ್ಯರು ಇದರಲ್ಲಿಲ್ಲ. ಇಂಥವಕ್ಕೆ ರೂಪಾಯಿ ಹಚ್ಚಲಾಗದಿದ್ದರೆ ಹೆಚ್ಚು, ಮಧ್ಯಮ, ಕಡಿಮೆ ಎಂದು ದರ್ಜೆ ಕೊಡುವ ಗುಣಾತ್ಮಕ ವಿಧಾನವಿದೆ. ಯಾವುದನ್ನು ಯಾವಾಗ ಬಳಸಬೇಕೆಂದು ಪ್ರಶ್ನೆ ಬಂದರೆ, ನಂಬುವಂಥ ಅಂಕಿಗಳು ಕೈಯಲ್ಲಿವೆಯೇ ಎಂದು ನೋಡಿ ಉತ್ತರಿಸಿ.

ನಾಲ್ಕನೆಯ ಪ್ರಶ್ನೆ. ಸರ್ವರ್ ಅನ್ನು ಮೊದಲ ಮಹಡಿಗೆ ಒಯ್ದರೆ, ಬಾಡಿಗೆ ಮತ್ತು ವೈರಿಂಗ್ ಸೇರಿ ವರ್ಷಕ್ಕೆ 12 ಸಾವಿರ ಖರ್ಚು. ಆಮೇಲೆ ನೀರು ಬಂದರೆ ಹಾಳಾಗುವುದು ಕೆಳಗೆ ಉಳಿದ ಕೇಬಲ್, ಬ್ಯಾಟರಿ ಅಷ್ಟೇ, ಒಂದು ಸಲಕ್ಕೆ 20 ಸಾವಿರ. ಈ ಏರ್ಪಾಟಿನಿಂದ ಸಂಘಕ್ಕೆ ವರ್ಷಕ್ಕೆ ಆಗುವ ನಿವ್ವಳ ಲಾಭ ಎಷ್ಟು? ಅ, 36 ಸಾವಿರ. ಆ, 28 ಸಾವಿರ. ಇ, 24 ಸಾವಿರ. ಈ, 8 ಸಾವಿರ.

ಯಂತ್ರವನ್ನು ಮೇಲೆ ಒಯ್ದ ಮಾತ್ರಕ್ಕೆ ಮಳೆ ಕಡಿಮೆಯಾಗುವುದಿಲ್ಲ, ಆದ್ದರಿಂದ 0.2 ಹಾಗೇ ಉಳಿಯುತ್ತದೆ. ಬದಲಾದದ್ದು ಒಂದು ಸಲದ ನಷ್ಟ. 20 ಸಾವಿರವನ್ನು 0.2ರಿಂದ ಗುಣಿಸಿದರೆ ವರ್ಷಕ್ಕೆ 4 ಸಾವಿರ. ಮೊದಲಿದ್ದ 40 ಸಾವಿರದಲ್ಲಿ ಈ 4 ಸಾವಿರ ಕಳೆದರೆ 36, ಅದರಲ್ಲಿ ಖರ್ಚಿನ 12 ಸಾವಿರ ಕಳೆದರೆ 24 ಸಾವಿರ. ಉತ್ತರ ‘ಇ’. ಖರ್ಚು ಕಳೆಯಲು ಮರೆತವರಿಗೆ 36 ಸಿಗುತ್ತದೆ. ಉಳಿದ 4 ಸಾವಿರವನ್ನು ಮರೆತವರಿಗೆ 28. 20 ಸಾವಿರವನ್ನೇ ಉಳಿದ ವಾರ್ಷಿಕ ನಷ್ಟ ಎಂದುಕೊಂಡವರಿಗೆ 8. ಉತ್ತರ ಋಣವಾಗಿ ಬಂದರೆ, ಅಂದರೆ ಕಾವಲಿನ ಖರ್ಚು ತಪ್ಪಿಸಿದ ನಷ್ಟಕ್ಕಿಂತ ಹೆಚ್ಚಾದರೆ, ಆ ಕಾವಲು ಬೇಡ. ಭದ್ರತಾ ಸಾಮಗ್ರಿ ಮಾರುವವರು ಈ ಕೊನೆಯ ಕಳೆಯುವ ಲೆಕ್ಕವನ್ನು ತಾವಾಗಿ ಮಾಡಿ ತೋರಿಸುವುದು ಅಪರೂಪ.

ಅಂದಹಾಗೆ, ಐಎಸ್‌ಒ 31000 ಮಾನಕದ ಪ್ರಕಾರ ಅಪಾಯವನ್ನು ಗುರುತಿಸುವುದು, ವಿಶ್ಲೇಷಿಸುವುದು, ತೂಗಿನೋಡುವುದು ಈ ಮೂರೇ ಅಸೆಸ್‌ಮೆಂಟ್. ಸರ್ವರ್ ಮೇಲೆ ಒಯ್ಯುವುದು, ವಿಮೆ ಮಾಡಿಸುವುದು ಟ್ರೀಟ್‌ಮೆಂಟ್, ಅದು ಆಮೇಲಿನ ಕೆಲಸ. ‘ಇವುಗಳಲ್ಲಿ ಅಸೆಸ್‌ಮೆಂಟಿಗೆ ಸೇರದ್ದು ಯಾವುದು’ ಎಂದರೆ ಟ್ರೀಟ್‌ಮೆಂಟ್ ಎಂದು ಗುರುತು ಹಾಕಿ.

ಕೊನೆಯ ಪ್ರಶ್ನೆ. ಎಲ್ಲ ಮಾಡಿದ ಮೇಲೂ ವರ್ಷಕ್ಕೆ 4 ಸಾವಿರದ ಅಪಾಯ ಉಳಿದಿದೆ. ಇದಿರಲಿ ಎಂದು ಒಪ್ಪಿಕೊಳ್ಳುವ ಅಧಿಕಾರ ಯಾರದು? ಅ, ಲೆಕ್ಕಪರಿಶೋಧಕರದು. ಆ, ಕಂಪ್ಯೂಟರ್ ನೋಡಿಕೊಳ್ಳುವ ನೌಕರರದು. ಇ, ಸಂಘದ ಆಡಳಿತ ಮಂಡಳಿಯದು. ಈ, ಸಾಫ್ಟ್‌ವೇರ್ ಕೊಟ್ಟ ಕಂಪನಿಯದು.

ಉತ್ತರ ‘ಇ’. ಕಂಪ್ಯೂಟರ್ ವಿಷಯ ಕಂಪ್ಯೂಟರ್ ಬಲ್ಲವರೇ ತೀರ್ಮಾನಿಸಲಿ ಎಂದು ‘ಆ’ಗೆ ಗುರುತು ಹಾಕುವವರೇ ಹೆಚ್ಚು. ಆದರೆ ನಷ್ಟವಾದರೆ ಸದಸ್ಯರ ಎದುರು ನಿಂತು ಉತ್ತರ ಕೊಡಬೇಕಾದವರು ಮಂಡಳಿಯವರು. ನೌಕರರು ಮಾಹಿತಿ ಕೊಡಬಹುದು. ಪರಿಶೋಧಕರು ಒಪ್ಪಿಗೆ ಕೊಟ್ಟುಬಿಟ್ಟರೆ ತಾವು ಒಪ್ಪಿದ್ದನ್ನು ತಾವೇ ಪರಿಶೀಲಿಸಿದಂತಾಗಿ ಅವರ ಸ್ವಾತಂತ್ರ್ಯವೇ ಹೋಗುತ್ತದೆ. ಒಪ್ಪಿಗೆ ಬಾಯಿಮಾತಿನಲ್ಲಿದ್ದರೆ ಸಾಲದು. ಎಷ್ಟು ಅಪಾಯ ಉಳಿದಿದೆ, ಏಕೆ ಒಪ್ಪಿದ್ದೇವೆ, ಮತ್ತೆ ಯಾವಾಗ ನೋಡುತ್ತೇವೆ ಎಂಬ ಮೂರೂ ಸಭೆಯ ನಡಾವಳಿ ಪುಸ್ತಕದಲ್ಲಿ ಇರಬೇಕು. ಆ ದಿನಾಂಕಕ್ಕೆ ಮೊದಲೇ ರಾಜಕಾಲುವೆಯನ್ನು ಅಗಲ ಮಾಡಿದರೆ 0.2 ಬದಲಾಗುತ್ತದೆ. ಸಂಘ ಮೊಬೈಲ್ ಆ್ಯಪ್ ತಂದರೆ ಸ್ವತ್ತಿನ ಪಟ್ಟಿಯೇ ಬದಲಾಗುತ್ತದೆ, ಆಗ ಮಂಡಳಿ ದಿನಾಂಕಕ್ಕೆ ಕಾಯುವಂತಿಲ್ಲ.