ಮನೆಗೆ ಹೋಗುವ ಒಂದು ಹಾಳೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ದಸರಾ ರಜೆ ಮುಗಿದು ಎರಡನೆಯ ಅವಧಿ ಆರಂಭವಾದಾಗ ನಮ್ಮ ಶಾಲೆಯಿಂದ ಪ್ರತಿ ಮನೆಗೂ ಒಂದು ವಾರ್ತಾಪತ್ರ ಹೋಗುತ್ತದೆ. ಒಂದೇ ಹಾಳೆ, ಎರಡು ಮಗ್ಗುಲು. ಅದರ ಸಂಪಾದಕೀಯ ಬರೆಯುವ ಕೆಲಸ ಕನ್ನಡ ಮೇಷ್ಟ್ರಾದ ನನ್ನ ಪಾಲಿಗೆ ಬಂದಿದೆ. ಮುಗಿದ ಅವಧಿಯಲ್ಲಿ ಏನಾಯಿತು, ಮುಂದೆ ಏನಿದೆ ಎಂದು ಹೇಳುವುದಷ್ಟೇ ಅದರ ಕೆಲಸ. ಅದನ್ನು ಹೇಗೆ ಬರೆಯುತ್ತೇವೆ ಎಂಬುದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲಿಗೆ ಸಾಧನೆಯ ಮಾತು. 'ಮಕ್ಕಳು ಗಣಿತದಲ್ಲಿ ಉತ್ತಮ ಪ್ರಗತಿ ಸಾಧಿಸಿದ್ದಾರೆ' ಎಂದು ಬರೆದರೆ ಓದಿದ ತಾಯಿಗೆ ಏನೂ ತಿಳಿಯುವುದಿಲ್ಲ. ಎಂಟನೆಯ ತರಗತಿಯಲ್ಲಿ 40 ಮಕ್ಕಳಿದ್ದಾರೆ ಎನ್ನೋಣ. ಜೂನ್‌ನಲ್ಲಿ ಹತ್ತು ಭಾಗಾಕಾರದ ಲೆಕ್ಕ ಕೊಟ್ಟಾಗ ಎಂಟಾದರೂ ಸರಿ ಮಾಡಿದವರು 14 ಮಂದಿ. ಸೆಪ್ಟೆಂಬರ್‌ನಲ್ಲಿ ಅಂಥವೇ ಹತ್ತು ಲೆಕ್ಕ ಕೊಟ್ಟಾಗ 22 ಮಂದಿ. ಇದನ್ನು ಹೀಗೆಯೇ ಬರೆಯಬೇಕು. ಲೆಕ್ಕಗಳು ಒಂದೇ ಮಟ್ಟದವಾಗಿದ್ದರೆ ಮಾತ್ರ ಈ ಹೋಲಿಕೆಗೆ ಅರ್ಥ. ಆಮೇಲೆ ಉಳಿದ 18 ಮಕ್ಕಳಿಗೆ ಯಾವ ಹೊತ್ತಿನಲ್ಲಿ ವಿಶೇಷ ತರಗತಿ ಎಂಬುದನ್ನೂ ಬರೆಯಬೇಕು. ಆದರೆ ಆ 18 ಮಕ್ಕಳ ಹೆಸರು ಹಾಳೆಯಲ್ಲಿ ಬರಬಾರದು. ಅದನ್ನು ಪಾಲಕರ ಸಭೆಯಲ್ಲಿ ಆಯಾ ಮನೆಯವರಿಗೆ ಮಾತ್ರ ಹೇಳುತ್ತೇವೆ. ಪ್ರತಿಭಾ ಕಾರಂಜಿ, ಕ್ರೀಡಾಕೂಟಗಳ ವಿಷಯದಲ್ಲಿ ಗೆದ್ದವರ ಜೊತೆ ಭಾಗವಹಿಸಿದವರ ಹೆಸರನ್ನೂ ಹಾಕುತ್ತೇವೆ.

ಎರಡನೆಯದು ಹಾಜರಾತಿ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಶಾಲೆಯಿಂದ ಕೂರಲು ಶೇಕಡ 75 ಹಾಜರಾತಿ ಬೇಕು. ಈ ಮಾತನ್ನು ಫೆಬ್ರವರಿಯಲ್ಲಿ ಹೇಳಿ ಪ್ರಯೋಜನವಿಲ್ಲ. ವರ್ಷಕ್ಕೆ 220 ದಿನ ಶಾಲೆ ನಡೆಯುತ್ತದೆ ಎಂದಿಟ್ಟುಕೊಂಡರೆ 165 ದಿನ ಬರಲೇಬೇಕು. ಮೊದಲ 110 ದಿನಗಳಲ್ಲಿ ಒಬ್ಬ ಹುಡುಗ 80 ದಿನ ಬಂದಿದ್ದಾನೆ. ಉಳಿದ 110ರಲ್ಲಿ ಅವನು 85 ದಿನ ಬರಬೇಕು. ಅಂದರೆ ತಪ್ಪಿಸಿಕೊಳ್ಳಲು ಇರುವುದು 25 ದಿನ ಮಾತ್ರ. ಶೇಕಡಾವಾರು ಲೆಕ್ಕ ಎಷ್ಟೋ ಮನೆಗಳಲ್ಲಿ ಅರ್ಥವಾಗುವುದಿಲ್ಲ. 'ಇನ್ನು 25 ದಿನ' ಎಂದರೆ ಕೂಡಲೇ ಅರ್ಥವಾಗುತ್ತದೆ. ಕೊಯ್ಲಿಗೆ ಎಷ್ಟು ದಿನ, ಜಾತ್ರೆಗೆ ಎಷ್ಟು ದಿನ, ಜ್ವರ ಬಂದರೆ ಎಷ್ಟು ದಿನ ಎಂದು ಮನೆಯವರೇ ಲೆಕ್ಕ ಹಾಕುತ್ತಾರೆ. ಆದ್ದರಿಂದ ಸಂಪಾದಕೀಯದಲ್ಲಿ ಲೆಕ್ಕದ ರೀತಿಯನ್ನು ಹೇಳಿ, ಕೆಳಗೆ ಖಾಲಿ ಗೆರೆ ಬಿಡುತ್ತೇವೆ. ಪ್ರತಿ ಮಗುವಿನ ಸಂಖ್ಯೆಯನ್ನು ತರಗತಿ ಶಿಕ್ಷಕರು ಕೈಯಿಂದ ತುಂಬುತ್ತಾರೆ.

ಮೂರನೆಯದು ಮುಂದೆ ಬರುವ ಸಂಗತಿಗಳು. ಇಲ್ಲಿ ಬರೀ ದಿನಾಂಕ ಕೊಟ್ಟರೆ ಸಾಲದು. ಎನ್‌ಎಂಎಂಎಸ್ ಪರೀಕ್ಷೆಯನ್ನೇ ನೋಡಿ. ಎಂಟನೆಯ ತರಗತಿಯಲ್ಲಿ ಈ ಪರೀಕ್ಷೆ ಬರೆದು ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಮಗು ಚೆನ್ನಾಗಿ ಓದಿಯೂ ಹಣ ಕೈತಪ್ಪುವುದು ಕಾಗದಪತ್ರದಲ್ಲಿ. ಆಧಾರ್‌ನಲ್ಲಿ ಒಂದು ಹೆಸರು, ಶಾಲಾ ದಾಖಲಾತಿಯಲ್ಲಿ ಇನ್ನೊಂದು ರೀತಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದಿಲ್ಲ. ಮರುವರ್ಷ ನವೀಕರಣದ ಅರ್ಜಿ ಹಾಕಿರುವುದಿಲ್ಲ. ಹಾಗಾಗಿ ನಾವು ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ ಬರೆಯುತ್ತೇವೆ: ಮೊದಲ ವಾರ ಎರಡೂ ಕಡೆಯ ಹೆಸರು ಹೋಲಿಸಿ ನೋಡಿ, ಎರಡನೆಯ ವಾರ ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಡಿ, ಮೂರನೆಯ ವಾರ ಬ್ಯಾಂಕಿಗೆ ಹೋಗಿ ಬನ್ನಿ, ನಾಲ್ಕನೆಯ ವಾರ ಎಲ್ಲವನ್ನೂ ಶಾಲೆಗೆ ತನ್ನಿ. ನಾಡಕಚೇರಿಗೆ ಒಂದು ದಿನ ಹೋದರೆ ಆ ದಿನದ ಕೂಲಿ ಹೋಗುತ್ತದೆ. ಎರಡು ಸಲ ಅಲೆಯದಂತೆ ಯಾವ ಯಾವ ಕಾಗದ ಕೊಂಡೊಯ್ಯಬೇಕು ಎಂಬುದನ್ನೂ ಅಲ್ಲೇ ಬರೆಯುತ್ತೇವೆ.

ಕೊನೆಯದಾಗಿ ಭಾಷೆ. ಈ ಹಾಳೆಯನ್ನು ಬಹಳ ಮನೆಗಳಲ್ಲಿ ಮಗುವೇ ಗಟ್ಟಿಯಾಗಿ ಓದುತ್ತದೆ, ಅಜ್ಜಿ ಕೇಳುತ್ತಾರೆ. ಆದ್ದರಿಂದ ಅಚ್ಚಿಗೆ ಕೊಡುವ ಮೊದಲು ಎಂಟನೆಯ ತರಗತಿಯ ಒಂದು ಮಗುವಿನಿಂದ ಓದಿಸುತ್ತೇವೆ. ಅದು ಎಲ್ಲಿ ತಡವರಿಸುತ್ತದೋ ಆ ವಾಕ್ಯವನ್ನು ಒಡೆದು ಎರಡು ಮಾಡುತ್ತೇವೆ. ಹಾಳೆಯ ತುದಿಯಲ್ಲಿ ಕತ್ತರಿಸಿ ಕೊಡುವ ಚೀಟಿ ಇರುತ್ತದೆ, ಸಹಿ ಅಥವಾ ಹೆಬ್ಬೆಟ್ಟು ಹಾಕಿ ಕಳಿಸಬೇಕು. ಒಂದು ವಾರದಲ್ಲಿ ಚೀಟಿ ಬಾರದ ಮನೆಗಳ ಪಟ್ಟಿ ಮಾಡುತ್ತೇವೆ. ಹಾಳೆ ಚೀಲದಲ್ಲೇ ಉಳಿದಿರಬಹುದು, ಮನೆಯವರು ದುಡಿಯಲು ಬೇರೆ ಊರಿಗೆ ಹೋಗಿರಬಹುದು. ಅಂಥ ಮನೆಗಳಿಗೆ ಫೋನ್ ಮಾಡುತ್ತೇವೆ, ಇಲ್ಲವೇ ಎಸ್‌ಡಿಎಂಸಿಯ ಸದಸ್ಯರೊಬ್ಬರು ಹೋಗಿ ಬರುತ್ತಾರೆ.

ಇಲ್ಲಿ ಕೂತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನೀವು ಬ್ಯಾಂಕಿನಲ್ಲಿ, ಕಚೇರಿಗಳಲ್ಲಿ ಕೆಲಸ ಮಾಡುವವರಿದ್ದೀರಿ. ಈ ಸಲದ ಹಾಳೆ ನಿಮ್ಮ ಬೀದಿಗೆ ಬಂದಾಗ ಪಕ್ಕದ ಮನೆಯ ಎಂಟನೆಯ ತರಗತಿಯ ಮಗುವಿನ ಆಧಾರ್ ಮತ್ತು ಪಾಸ್‌ಪುಸ್ತಕ ಎರಡನ್ನೂ ಒಮ್ಮೆ ಜೊತೆಗಿಟ್ಟು ಹೆಸರು ನೋಡಿಕೊಡಿ.