ನೇಗಿಲ ಸಾಲಿನಲ್ಲಿ ಯಾರಿದ್ದರು?

ಬಬಲೇಶ್ವರದ ಕಡೆ ಹೊಲ ಹರಗುವಾಗ ಒಂದು ಮೋಜು ನೋಡಬಹುದು. ಎತ್ತು ಹೂಡಿರಲಿ, ಟ್ರ್ಯಾಕ್ಟರ್ ಓಡುತ್ತಿರಲಿ, ಹಿಂದೆಯೇ ಬೆಳ್ಳಕ್ಕಿಗಳ ಸಾಲು ಬರುತ್ತದೆ. ಅವು ರೈತನ ಮೇಲಿನ ಪ್ರೀತಿಗೆ ಬಂದವಲ್ಲ. ಎರಿ ಮಣ್ಣು ಮಗುಚಿ ಬಿದ್ದಾಗ ಎರೆಹುಳು, ಗೊಣ್ಣೆಹುಳು, ಇರುವೆ, ಒಮ್ಮೊಮ್ಮೆ ಚೇಳು, ಎಲ್ಲವೂ ಬಯಲಿಗೆ ಬೀಳುತ್ತವೆ. ಮಣ್ಣಿನೊಳಗೆ ಎಷ್ಟು ಜೀವಗಳಿವೆ ಎಂದು ನಮಗೆ ತೋರಿಸಿಕೊಡುವವರು ಈ ಬೆಳ್ಳಕ್ಕಿಗಳೇ.

ಹಾಗಾದರೆ ಜೋಳ ಬೆಳೆಯುವುದು ಹಿಂಸೆಯೋ ಅಲ್ಲವೋ? ಈ ಪ್ರಶ್ನೆಯನ್ನು ಸಾವಿರ ವರ್ಷಕ್ಕೂ ಹಿಂದೆಯೇ ಜೈನರೂ ಕೇಳಿದ್ದರು, ಹಿಂದೂ ಗ್ರಂಥಗಳನ್ನು ಬರೆದವರೂ ಕೇಳಿದ್ದರು. ಅಹಿಂಸೆ ದೊಡ್ಡದು ಎಂಬಲ್ಲಿ ಎರಡು ಕಡೆಯವರಿಗೂ ಜಗಳವಿಲ್ಲ. ಆದರೆ ಎಷ್ಟು ಬಿಗಿ, ಯಾರಿಗೆ ಬಿಗಿ, ಎಲ್ಲಿ ಸಡಿಲ ಎಂದು ನೋಡಹೋದರೆ ದಾರಿಗಳು ಬೇರೆಯಾಗುತ್ತವೆ.

ಮೊದಲು ಜೀವ ಎಂದರೆ ಯಾರು ಎಂಬುದನ್ನು ನೋಡೋಣ. ಜೈನ ಗ್ರಂಥಗಳು ಜೀವಿಗಳನ್ನು ಇಂದ್ರಿಯ ಎಣಿಸಿ ವಿಂಗಡಿಸುತ್ತವೆ. ಎರೆಹುಳುವಿನಂಥವಕ್ಕೆ ಸ್ಪರ್ಶ, ರುಚಿ ಎರಡೇ. ಇರುವೆಗೆ ವಾಸನೆಯೂ ಸೇರಿ ಮೂರು. ಚೇಳು, ನೊಣ, ದುಂಬಿಗಳಿಗೆ ಕಣ್ಣೂ ಉಂಟು, ನಾಲ್ಕು. ಹಸು, ಹಕ್ಕಿ, ಮನುಷ್ಯರಿಗೆ ಕಿವಿಯೂ ಸೇರಿ ಐದು. ಇವೆಲ್ಲಕ್ಕೂ ಕೆಳಗೆ ಸ್ಪರ್ಶವೊಂದೇ ಇರುವ ಜೀವಿಗಳು: ಗಿಡಮರಗಳು, ಅಷ್ಟೇ ಅಲ್ಲ, ಮಣ್ಣು, ನೀರು, ಬೆಂಕಿ, ಗಾಳಿಯನ್ನೇ ಮೈಯಾಗಿ ಉಳ್ಳವು. ಕೈಯಲ್ಲಿ ಮಸೂರವೂ ಇಲ್ಲದ ಕಾಲದಲ್ಲಿ ಮಾಡಿದ ವರ್ಗೀಕರಣ ಇದು. ಕೆಲವು ಕಡೆ ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಬಹಳಷ್ಟು ಇರುವೆಗಳಿಗೆ ಕಣ್ಣಿವೆ. ನೀರು ತಾನೇ ಜೀವಿಯಲ್ಲ, ಜೀವಿಗಳು ಅದರೊಳಗೆ ಇರುತ್ತವೆ. ಆದರೆ ಎರೆಹುಳುವಿಗೆ ಕಿವಿಯಿಲ್ಲ ಎಂಬುದು ಸರಿಯೇ. ಚಾರ್ಲ್ಸ್ ಡಾರ್ವಿನ್ ಎರೆಹುಳುಗಳ ಮುಂದೆ ಪಿಯಾನೊ ನುಡಿಸಿ, ಸೀಟಿ ಊದಿಸಿ ನೋಡಿದ. ಅವು ಸದ್ದಿಗೆ ಕದಲಲಿಲ್ಲ, ನೆಲದ ಅದುರುವಿಕೆಗೆ ಮಾತ್ರ ಬೆಚ್ಚಿದವು. 1881ರ ತನ್ನ ಪುಸ್ತಕದಲ್ಲಿ ಇದನ್ನೆಲ್ಲ ಬರೆದಿದ್ದಾನೆ.

ಇನ್ನು ನೇಗಿಲಿಗೆ ಬರೋಣ. ಮನುಸ್ಮೃತಿಯ 10ನೇ ಅಧ್ಯಾಯದಲ್ಲಿ ಬೇಸಾಯದ ಮಾತು ಬರುತ್ತದೆ. ಕೆಲವರು ಅದನ್ನು ಒಳ್ಳೆಯ ಕಸುಬು ಎನ್ನುತ್ತಾರೆ, ಆದರೆ ಕಬ್ಬಿಣದ ಮೂತಿಯ ಮರ ಭೂಮಿಯನ್ನೂ ಅದರೊಳಗಿನ ಜೀವಿಗಳನ್ನೂ ಗಾಯಗೊಳಿಸುತ್ತದೆ ಎಂಬುದು ಅಲ್ಲಿನ ವಾದ. ಬೆಳ್ಳಕ್ಕಿ ಕಂಡದ್ದನ್ನೇ ಅವರೂ ಕಂಡಿದ್ದರು. ಆದರೆ ಇದರಿಂದ ಹುಟ್ಟಿದ ನಿಯಮ ಯಾರಿಗೆ? ಕಷ್ಟಕಾಲದಲ್ಲಿ ವೈಶ್ಯನ ಕಸುಬಿಗೆ ಇಳಿಯುವ ಬ್ರಾಹ್ಮಣ, ಕ್ಷತ್ರಿಯರು ಬೇಸಾಯ ಬಿಡಬೇಕು, ಅಷ್ಟೇ. ವೈಶ್ಯನಿಗೆ ಅದು ವಿಧಿಸಿದ ಕೆಲಸ. ಹುಳು ಸಾಯುವುದು ತಪ್ಪಲಿಲ್ಲ, ಅದರ ಹೊರೆ ಹುಟ್ಟಿನ ಲೆಕ್ಕದಲ್ಲಿ ಬೇರೆಯವರ ಹೆಗಲಿಗೆ ಹೋಯಿತು. ನನಗಂತೂ ಇದು ಅಹಿಂಸೆಗಿಂತ ಕೆಲಸ ಹಂಚಿಕೆಯ ನಿಯಮದಂತೆ ಕಾಣುತ್ತದೆ.

ಮಹಾಭಾರತದ ವನಪರ್ವದಲ್ಲಿ ಬರುವ ಧರ್ಮವ್ಯಾಧ ಇನ್ನಷ್ಟು ಧೈರ್ಯವಾಗಿ ಮಾತಾಡುತ್ತಾನೆ. ಮಿಥಿಲೆಯಲ್ಲಿ ಮಾಂಸ ಮಾರುವವನು ಅವನು. ಕೌಶಿಕನೆಂಬ ಬ್ರಾಹ್ಮಣ ಅವನ ಕಸುಬಿಗೆ ಮರುಗಿದಾಗ, ಉಳುವವನೂ ನೆಲದೊಳಗಿನ ಜೀವಿಗಳನ್ನು ಕೊಲ್ಲುತ್ತಾನೆ, ತಿನ್ನುವ ಕಾಳಿನಲ್ಲೂ ಜೀವವಿದೆ, ನಡೆಯುವ ಕಾಲಡಿಯಲ್ಲೂ ಸಾವಿದೆ, ಹೀಗಿರುವಾಗ ಹಿಂಸೆ ಮಾಡದವರು ಯಾರು ಎಂದು ವಾದಿಸುತ್ತಾನೆ. ತಪಸ್ವಿಗಳು ಕೂಡ ಹಿಂಸೆಯನ್ನು ಕಡಿಮೆ ಮಾಡಬಲ್ಲರು, ಇಲ್ಲವಾಗಿಸಲಾರರು ಎಂಬುದು ಅವನ ನಿಲುವು.

ಸಾಕ್ಷ್ಯ ಒಂದೇ, ನೋಡಿ. ಹುಳು ಸಾಯುತ್ತದೆ ಎಂದು ಎಲ್ಲರೂ ಒಪ್ಪುತ್ತಾರೆ. ಧರ್ಮವ್ಯಾಧ ಅದರಿಂದ ಪೂರ್ಣ ಅಹಿಂಸೆ ಯಾರಿಗೂ ಆಗದು ಎಂದುಕೊಂಡರೆ, ಜೈನ ಆಚಾರ್ಯರು ಆಗದಿದ್ದರೆ ಅಳೆಯೋಣ ಎಂದು ಹೊರಟರು. ಗೃಹಸ್ಥನ ಹಿಂಸೆಯನ್ನು ಅವರು ನಾಲ್ಕಾಗಿ ಬಿಡಿಸುತ್ತಾರೆ. ಬೇಕೆಂದೇ ಕೊಲ್ಲುವುದು ಸಂಕಲ್ಪಿ ಹಿಂಸೆ. ಅಡುಗೆ, ಕಸಗುಡಿಸುವಿಕೆಯಲ್ಲಿ ಆಗುವುದು ಆರಂಭಿ. ಕಸುಬಿನಲ್ಲಿ ಆಗುವುದು ಉದ್ಯೋಗಿ. ಮೇಲೆ ಬಿದ್ದವರನ್ನು ತಡೆಯುವಾಗ ಆಗುವುದು ವಿರೋಧಿ. ಗೃಹಸ್ಥ ಮೊದಲನೆಯದನ್ನು ಪೂರಾ ಬಿಡಬೇಕು, ಉಳಿದ ಮೂರನ್ನು ಎಚ್ಚರದಿಂದ ಕಡಿಮೆ ಮಾಡಬೇಕು. ಉಳುಮೆ ಉದ್ಯೋಗಿ ಹಿಂಸೆಯ ಖಾನೆಗೆ ಬೀಳುತ್ತದೆ. ಅದಕ್ಕೇ ಬೆಳಗಾವಿ, ಸಾಂಗಲಿ, ಕೊಲ್ಹಾಪುರಗಳ ಕಡೆ ತಲೆತಲಾಂತರದಿಂದ ಹೊಲ ಉಳುವ ಜೈನರಿದ್ದಾರೆ. ಜಿನಸೇನರ ಆದಿಪುರಾಣದಲ್ಲಿ ಮೊದಲ ತೀರ್ಥಂಕರ ಋಷಭನಾಥ ಜನರಿಗೆ ಕಲಿಸಿದ ಆರು ಕಸುಬುಗಳಲ್ಲಿ ಕೃಷಿಯೂ ಒಂದು.

ಈ ಲೆಕ್ಕದ ಅತಿ ಚುರುಕಾದ ಮಾತು ಜೈನ ಆಚಾರ್ಯ ಸೋಮದೇವಸೂರಿಯದು. 959ರಲ್ಲಿ ಮುಗಿಸಿದ ಯಶಸ್ತಿಲಕದಲ್ಲಿ ಅವನು ರೈತನನ್ನೂ ಬೆಸ್ತನನ್ನೂ ಅಕ್ಕಪಕ್ಕ ನಿಲ್ಲಿಸುತ್ತಾನೆ. ಮಮದಾಪುರದ ಕೆರೆ ನಿಮಗೆ ಗೊತ್ತಲ್ಲ, ಅದರ ದಂಡೆಯಲ್ಲೇ ಇಬ್ಬರೂ ಇದ್ದಾರೆ ಎಂದುಕೊಳ್ಳಿ. ಬೆಸ್ತ ಬೆಳಗಿನಿಂದ ಬಲೆ ಹಾಕಿದ್ದಾನೆ, ಒಂದು ಮೀನೂ ಸಿಕ್ಕಿಲ್ಲ. ಪಕ್ಕದ ಹೊಲದ ರೈತನ ಗಳೆಗೆ ನೂರಾರು ಹುಳು ಸಿಕ್ಕಿ ಸತ್ತಿವೆ. ಸೋಮದೇವನ ಪ್ರಕಾರ ಕೊಲ್ಲದಿದ್ದರೂ ಪಾಪ ಬೆಸ್ತನಿಗೆ, ಕೊಂದರೂ ರೈತನಿಗಿಲ್ಲ. ಒಬ್ಬನ ಮನಸ್ಸು ಕೊಲ್ಲುವುದರಲ್ಲಿದೆ, ಇನ್ನೊಬ್ಬನದು ಕಾಳಿನಲ್ಲಿದೆ. ಹೆಣ ಎಣಿಸಬೇಡಿ, ಮನಸ್ಸು ನೋಡಿ ಎಂಬ ಅಳತೆ ಇದು.

ಈ ಅಳತೆಯನ್ನು ತಿಕೋಟಾಕ್ಕೆ ಒಯ್ದರೆ ಮಾತ್ರ ಸ್ವಲ್ಪ ತೊಡಕು. ದ್ರಾಕ್ಷಿ ಬಳ್ಳಿಗೆ ಹಿಟ್ಟು ತಿಗಣೆ ಹತ್ತಿತು, ರೈತ ಔಷಧ ಹೊಡೆದ. ಅವನ ಮನಸ್ಸು ಹಣ್ಣಿನ ಮೇಲಿದೆ ನಿಜ, ಆದರೆ ಆ ಹೊತ್ತಿನ ಕೆಲಸ ತಿಗಣೆ ಸಾಯಲಿ ಎಂದೇ ತಾನೆ? ಅದನ್ನು ಉದ್ಯೋಗಿ ಎನ್ನುವಿರೋ, ವಿರೋಧಿ ಎನ್ನುವಿರೋ, ಸಂಕಲ್ಪಿ ಎನ್ನುವಿರೋ? ನಾಲ್ಕು ಖಾನೆಗಳ ಗಡಿ ಉಳುಮೆಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಇಲ್ಲಿ ಕಾಣುವುದಿಲ್ಲ.

ಬೆಸ್ತ ಇನ್ನೊಂದು ಕಡೆಯೂ ಬರುತ್ತಾನೆ, ಈ ಬಾರಿ ಹಿಂದೂ ಗ್ರಂಥದಲ್ಲಿ. ಪತಂಜಲಿಯ ಯೋಗಸೂತ್ರ ಅಹಿಂಸೆಗೆ ಜಾತಿ, ಸ್ಥಳ, ಕಾಲ, ಸಂದರ್ಭಗಳ ವಿನಾಯಿತಿ ಇರಬಾರದು, ಆಗಲೇ ಅದು ಮಹಾವ್ರತ ಎನ್ನುತ್ತದೆ. ಅದರ ವ್ಯಾಸಭಾಷ್ಯ ಉದಾಹರಣೆ ಕೊಡುತ್ತದೆ. ನಾನು ಮೀನು ಬಿಟ್ಟು ಬೇರೇನನ್ನೂ ಕೊಲ್ಲೆ ಎನ್ನುವ ಬೆಸ್ತ, ತೀರ್ಥಕ್ಷೇತ್ರದಲ್ಲಿ ಮಾತ್ರ ಕೊಲ್ಲೆ ಎನ್ನುವವನು, ಚತುರ್ದಶಿಯ ದಿನ ಕೊಲ್ಲೆ ಎನ್ನುವವನು, ದೇವರ ಕಾರ್ಯಕ್ಕಲ್ಲದೆ ಕೊಲ್ಲೆ ಎನ್ನುವವನು, ಇವರೆಲ್ಲರ ಅಹಿಂಸೆಯೂ ಅರೆಬರೆ. ಮುನಿಗಳ ವ್ರತಕ್ಕೆ ಜೈನರು ಇಟ್ಟ ಹೆಸರೂ ಮಹಾವ್ರತವೇ. ಬಿಗಿಯಲ್ಲಿ ಈ ಸೂತ್ರ ಜೈನರಿಗೆ ಕಡಿಮೆಯೇನಲ್ಲ.

ಆದರೆ ಮನುಸ್ಮೃತಿಯ ಇನ್ನೊಂದು ಅಧ್ಯಾಯ ಯಜ್ಞದ ವಧೆಯನ್ನು ವಧೆಯೇ ಅಲ್ಲ ಎಂದು ಹೊರಗಿಡುತ್ತದೆ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ ಹೋದರೆ ಒಪ್ಪಿಗೆ ಕೊಟ್ಟವನು, ಕಡಿದವನು, ಮಾರಿದವನು, ಬೇಯಿಸಿದವನು, ಬಡಿಸಿದವನು, ತಿಂದವನು ಎಲ್ಲರೂ ಕೊಂದವರೇ ಎಂದಿದೆ. ಸಡಿಲವೂ ಬಿಗಿಯೂ ಒಂದೇ ಪುಸ್ತಕದಲ್ಲಿ. ಹಾಗಾಗಿ ಹಿಂದೂ ಗ್ರಂಥ ಹೀಗೆ ಹೇಳುತ್ತದೆ ಎಂದು ಯಾರಾದರೂ ಅಂದರೆ, ಯಾವ ಗ್ರಂಥ, ಎಷ್ಟನೇ ಅಧ್ಯಾಯ ಎಂದು ಕೇಳಿ. ಜೈನರು ದೇವಕಾರ್ಯದ ವಿನಾಯಿತಿಯನ್ನು ಕೊಡಲೇ ಇಲ್ಲ. ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥ ಬಸದಿಯಲ್ಲಿ ಕರಿಕಲ್ಲಿನ ಮೂರ್ತಿಯ ತಲೆಯ ಮೇಲೆ 1008 ಹೆಡೆಗಳಿವೆ. ಆ ಹಾವಿನ ಕಥೆ ಇದೇ ವಿಷಯದ್ದು. ತಪಸ್ವಿಯೊಬ್ಬ ಪಂಚಾಗ್ನಿ ತಪಸ್ಸಿನ ಬೆಂಕಿಗೆ ಕಟ್ಟಿಗೆ ಹಾಕುತ್ತಿದ್ದ. ಆ ಕೊರಡಿನೊಳಗೆ ಹಾವಿನ ಜೋಡಿ ಇದೆ ಎಂದು ಪಾರ್ಶ್ವನಾಥ ಎಚ್ಚರಿಸಿದ. ಸೀಳಿ ನೋಡಿದರೆ ಇತ್ತು. ಆ ಹಾವುಗಳೇ ಧರಣೇಂದ್ರ, ಪದ್ಮಾವತಿಯರಾಗಿ ಹುಟ್ಟಿ ಅವನಿಗೆ ಹೆಡೆಯ ನೆರಳಾದವು. ತಪಸ್ಸಿನ ಬೆಂಕಿಯಾದರೇನು, ಒಳಗಿರುವ ಜೀವ ಬೇಯುತ್ತದೆ.

ಹೋಲಿಸುವಾಗ ಜನ ಸಾಮಾನ್ಯವಾಗಿ ಒಂದು ಎಡವಟ್ಟು ಮಾಡುತ್ತಾರೆ. ಜೈನ ಮುನಿಯ ನಿಯಮವನ್ನು ತಂದು ಹಿಂದೂ ಗೃಹಸ್ಥನ ನಿಯಮದ ಎದುರು ಇಡುತ್ತಾರೆ. ಆಗ ಅಂತರ ಆಕಾಶದಷ್ಟು ಕಾಣುತ್ತದೆ. ಪ್ರಯೋಗದಲ್ಲಿ ಒಂದೇ ಅಂಶ ಬದಲಿಸಬೇಕಲ್ಲವೇ? ಮುನಿಗೆ ಸಂನ್ಯಾಸಿಯನ್ನೇ ಎದುರಿಡಿ. ಮನುಸ್ಮೃತಿಯ 6ನೇ ಅಧ್ಯಾಯದ ಸಂನ್ಯಾಸಿ ನೆಲ ನೋಡಿ ಹೆಜ್ಜೆ ಇಡಬೇಕು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಬೇಕು, ಬೆಂಕಿ ಇಟ್ಟುಕೊಳ್ಳಬಾರದು. ದಿಗಂಬರ ಮುನಿಯೂ ಹಗಲಲ್ಲೇ, ನಾಲ್ಕು ಮೊಳ ಮುಂದಿನ ನೆಲ ನೋಡುತ್ತ ನಡೆಯುತ್ತಾನೆ. ಕೂರುವ ಮೊದಲು ನವಿಲುಗರಿಯ ಪಿಂಛಿಯಿಂದ ಜಾಗ ಸವರುತ್ತಾನೆ. ಇಬ್ಬರೂ ಹತ್ತಿರ ಬಂದರು.

ಉಳಿದ ಅಂತರ ಒಂದು ಲೋಟ ನೀರಿನಲ್ಲಿದೆ. ಸಂನ್ಯಾಸಿಗೆ ಜೀವ ನೀರೊಳಗೆ ಈಜುವ ಹುಳು, ಸೋಸಿದರೆ ಮುಗಿಯಿತು. ಮುನಿಗೆ ನೀರೇ ಜೀವಿಗಳ ಮೈ, ಸೋಸಿದರೂ ಅದು ಹಸಿ ನೀರು. ಆದ್ದರಿಂದ ಕಾಯಿಸಿ ಆರಿಸಿದ್ದನ್ನೇ ಕುಡಿಯುತ್ತಾನೆ. ಕಾಯಿಸಿದರೆ ಅವು ಸಾಯುವುದಿಲ್ಲವೇ ಎಂದು ನೀವು ಕೇಳುತ್ತೀರಿ, ಕೇಳಲೇಬೇಕು. ಸಾಯುತ್ತವೆ. ಆದರೆ ಮುನಿ ಕಾಯಿಸುವಂತಿಲ್ಲ, ಕಾಯಿಸಿ ಎಂದು ಹೇಳುವಂತಿಲ್ಲ, ತನಗಾಗಿಯೇ ಕಾಯಿಸಿದ್ದನ್ನು ಸ್ವೀಕರಿಸುವಂತೆಯೂ ಇಲ್ಲ. ಮನೆಯವರು ತಮಗೆಂದು ಕಾಯಿಸಿದ್ದರಲ್ಲಿ ಒಂದು ಪಾಲು, ಅಷ್ಟೇ. ಕಾಯಿಸಿದ ಹಿಂಸೆ ಗೃಹಸ್ಥನ ಲೆಕ್ಕಕ್ಕೆ ಹೋಗುತ್ತದೆ. ಮನುವಿನ ಉಳುಮೆಯಂತೆ ಇಲ್ಲೂ ಹೊರೆ ಬೇರೊಬ್ಬರ ಹೆಗಲೇರಿತು ಎಂದು ಯಾರಾದರೂ ಅಂದರೆ ಪೂರ್ತಿ ತಪ್ಪಲ್ಲ. ಒಂದೇ ವ್ಯತ್ಯಾಸ, ಇಲ್ಲಿ ಹೊರೆ ನಿಂತದ್ದು ಹುಟ್ಟಿನ ಮೇಲಲ್ಲ, ತೊಟ್ಟ ವ್ರತದ ಮೇಲೆ.

ಜೈನ ಗೃಹಸ್ಥನಿಗೆ ನೀರು ಸೋಸುವುದು ನಿತ್ಯದ ಕೆಲಸ. ದಪ್ಪ ಬಟ್ಟೆ ಎರಡು ಪದರ ಮಾಡಿ ಸೋಸಬೇಕು, 48 ನಿಮಿಷ ಕಳೆದರೆ ಮತ್ತೆ ಸೋಸಬೇಕು, ಬಟ್ಟೆಯಲ್ಲಿ ಉಳಿದದ್ದನ್ನು ತಿರುವಿ ತೊಳೆದು ಅದೇ ಬಾವಿಗೆ ಮೆಲ್ಲಗೆ ಇಳಿಬಿಡಬೇಕು. ಆ ಬಟ್ಟೆಗೆ ಸಿಕ್ಕಿಬೀಳುವವರಲ್ಲಿ ಸೈಕ್ಲಾಪ್ಸ್ ಎಂಬ ಒಂದೆರಡು ಮಿಲಿಮೀಟರಿನ ನೀರುಜೀವಿಯೂ ಇದೆ. ಅದರ ಹೊಟ್ಟೆಯಲ್ಲೇ ನಾರುಹುಣ್ಣಿನ ಮರಿಹುಳು ಬೆಳೆಯುತ್ತಿತ್ತು. ಅಂಥ ನೀರು ಕುಡಿದವರ ಕಾಲಿನಿಂದ ವರ್ಷದ ನಂತರ ಉದ್ದನೆಯ ಹುಳು ಹೊರಬರುತ್ತಿತ್ತು. ಅವರು ಮೆಟ್ಟಿಲು ಬಾವಿಗೆ ಇಳಿದು ನೀರಲ್ಲಿ ಕಾಲಿಟ್ಟರೆ ಮತ್ತೆ ಮರಿಗಳು ನೀರಿಗೆ. ಕರ್ನಾಟಕವೂ ಸೇರಿ 7 ರಾಜ್ಯಗಳಲ್ಲಿ ಈ ರೋಗವಿತ್ತು. ಸೋಸುವ ಬಟ್ಟೆ ಸೈಕ್ಲಾಪ್ಸನ್ನೂ ಉಳಿಸಿತು, ಕುಡಿಯುವವರನ್ನೂ ಉಳಿಸಿತು. ಆದರೆ ಬಾವಿಗೆ ಮರಳಿದ ಸೈಕ್ಲಾಪ್ಸ್ ಸೋಸದೆ ಕುಡಿಯುವ ಪಕ್ಕದ ಮನೆಯವರಿಗೆ ಕಾದಿರುತ್ತಿತ್ತು.

ಅದಕ್ಕೇ ಆರೋಗ್ಯ ಇಲಾಖೆಯವರು ಸೋಸಲು ಹೇಳಿದ್ದಲ್ಲದೆ, ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾಡಿಸಿದರು, ಟೆಮಿಫಾಸ್ ಎಂಬ ಔಷಧ ಹಾಕಿ ಸೈಕ್ಲಾಪ್ಸನ್ನು ಕೊಂದರು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಣೆಯಾಯಿತು. ಮೇಲೆ ಬಿದ್ದು ಕೊಲ್ಲಬರುವವನನ್ನು ಕೊಂದರೆ ದೋಷವಿಲ್ಲ ಎನ್ನುವ ಮನುವಿನ ನಿಯಮವನ್ನು ಹಿಡಿದು ಆ ಔಷಧವನ್ನು ಸಮರ್ಥಿಸಬಹುದು. ಜೈನ ಗೃಹಸ್ಥ ವಿರೋಧಿ ಹಿಂಸೆಯ ಖಾನೆಯಲ್ಲಿ ಅದಕ್ಕೊಂದು ಜಾಗ ಹುಡುಕಬಹುದು, ಸೈಕ್ಲಾಪ್ಸ್ ತಾನಾಗಿ ಯಾರ ಮೇಲೂ ಬೀಳಲಿಲ್ಲ ಎಂಬ ತಕರಾರನ್ನು ಎದುರಿಸಿಕೊಂಡು. ಮುನಿಯ ಮಹಾವ್ರತದಲ್ಲಿ ಅದಕ್ಕೆ ಖಾನೆಯೇ ಇಲ್ಲ.