ಥೈರಾಯ್ಡ್ ತೆಗೆಸಿದ ಮೇಲೆ ರಿಪೋರ್ಟಿನಲ್ಲಿ ಏನು ನೋಡಬೇಕು?

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆಯಿಂದ ಬಂದಿದ್ದೀರಿ. ನಮ್ಮಲ್ಲಿ ಬಹಳ ಮಂದಿ ಕೆಲಸಕ್ಕಾಗಿ ಈ ಊರುಗಳ ನಡುವೆ ಮನೆ ಬದಲಿಸಿದವರು. ಕೆಲಸ ಬದಲಾದರೆ ಇನ್ಶೂರೆನ್ಸ್ ಬದಲಾಗುತ್ತದೆ, ಅದರ ಹಿಂದೆಯೇ ಡಾಕ್ಟರು, ಲ್ಯಾಬು. ಥೈರಾಯ್ಡ್ ಕ್ಯಾನ್ಸರಿಗೆ ಆಪರೇಷನ್ ಆದವರಿಗೆ ಇದರಿಂದ ಆಗುವ ಗೊಂದಲದ ಬಗ್ಗೆ ಎಂಡೋಕ್ರಿನಾಲಜಿಸ್ಟ್ ಆಗಿ ಇವತ್ತು ಮಾತಾಡುತ್ತೇನೆ. ನಾನು ಹೇಳುವುದು ಪ್ಯಾಪಿಲರಿ, ಫಾಲಿಕ್ಯುಲರ್ ಬಗೆಗಳಿಗೆ ಮಾತ್ರ. ಮೆಡ್ಯುಲರಿ ಬಗೆಗೆ ಪರೀಕ್ಷೆಗಳೇ ಬೇರೆ.

ಥೈರೋಗ್ಲೋಬ್ಯುಲಿನ್ ಎಂಬ ಪ್ರೋಟೀನನ್ನು ಥೈರಾಯ್ಡಿನ ಜೀವಕೋಶಗಳು ಮಾತ್ರ ತಯಾರಿಸುತ್ತವೆ, ಅವು ಒಳ್ಳೆಯವಾಗಿರಲಿ, ಕ್ಯಾನ್ಸರಿನವಾಗಿರಲಿ. ಗ್ರಂಥಿಯನ್ನು ಪೂರ್ತಿ ತೆಗೆದು ರೇಡಿಯೋ ಅಯೋಡಿನ್ ಕೊಟ್ಟ ಮೇಲೆ ರಕ್ತದಲ್ಲಿ ಅದು ಹೆಚ್ಚುಕಡಿಮೆ ಇರಲೇಬಾರದು. ಅರ್ಧ ಗ್ರಂಥಿ ಮಾತ್ರ ತೆಗೆದಿದ್ದರೆ ಉಳಿದರ್ಧ ಅದನ್ನು ತಯಾರಿಸುತ್ತಲೇ ಇರುತ್ತದೆ, ಅಂಥವರು ಈ ಲೆಕ್ಕವನ್ನು ತಮಗೆ ಹಚ್ಚಿಕೊಳ್ಳಬೇಡಿ.

ಟಿಎಸ್‌ಎಚ್ ಮಿದುಳಿನ ಕೆಳಗಿನ ಪಿಟ್ಯುಟರಿಯಿಂದ ಬರುತ್ತದೆ. ಅದು ಏರಿದರೆ ಉಳಿದಿರುವ ಥೈರಾಯ್ಡ್ ಕೋಶಗಳು ಚುರುಕಾಗುತ್ತವೆ, ಥೈರೋಗ್ಲೋಬ್ಯುಲಿನ್ ಕೂಡ ಏರಬಹುದು. ಅದಕ್ಕೇ ಲಿವೋಥೈರಾಕ್ಸಿನ್ ಮಾತ್ರೆಯನ್ನು ಸ್ವಲ್ಪ ಹೆಚ್ಚು ಕೊಟ್ಟು ಟಿಎಸ್‌ಎಚ್ ತಗ್ಗಿಸುವುದು. ಎಷ್ಟು ತಗ್ಗಿಸಬೇಕು? ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ನಿನ 2015ರ ಮಾರ್ಗಸೂಚಿಯಲ್ಲಿ, ಕಣ್ಣಿಗೆ ಕಾಣುವ ಕ್ಯಾನ್ಸರ್ ಉಳಿದಿದ್ದರೆ 0.1ಕ್ಕಿಂತ ಕೆಳಗೆ; ಸ್ಕ್ಯಾನಿನಲ್ಲಿ ಏನೂ ಇಲ್ಲದೆ ಥೈರೋಗ್ಲೋಬ್ಯುಲಿನ್ ಮಾತ್ರ ಹೆಚ್ಚಿದ್ದರೆ 0.1ರಿಂದ 0.5, ಎಲ್ಲವೂ ಚೊಕ್ಕವಾಗಿದ್ದರೆ, ಸಾಮಾನ್ಯವಾಗಿ, 0.5ರಿಂದ 2. ರಿಪೋರ್ಟಿನಲ್ಲಿ ಅಚ್ಚಾಗಿರುವ ನಾರ್ಮಲ್ ಮಿತಿ ಆರೋಗ್ಯವಂತರದು, ನಿಮ್ಮ ಗುರಿ ಅದಲ್ಲ. ಹೊಸ ಊರಿನ ಫ್ಯಾಮಿಲಿ ಡಾಕ್ಟರು 0.2 ನೋಡಿ ಮಾತ್ರೆ ಇಳಿಸಲು ಹೊರಟರೆ, "ಇದು ಬೇಕೆಂದೇ ಇಟ್ಟಿರುವುದು, ಮೊದಲು ನನ್ನ ಎಂಡೋಕ್ರಿನಾಲಜಿಸ್ಟನ್ನು ಕೇಳಿ" ಎನ್ನಿ. ಹಾಗೆಂದು ಗುಣವಾದ ಮೇಲೂ ವರ್ಷಗಟ್ಟಲೆ 0.1ರಲ್ಲೇ ಇಟ್ಟುಕೊಳ್ಳುವುದು ಜಾಣತನವಲ್ಲ. ಹೃದಯದ ಬಡಿತ ತಾಳ ತಪ್ಪುತ್ತದೆ, ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆಯುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಇದು ಒಬ್ಬರ ಕಥೆಯಲ್ಲ, ಹಲವರ ವಿವರ ಕೂಡಿಸಿದ್ದು. ಮೂವತ್ತೆಂಟರ ಹೆಣ್ಣುಮಗಳು, ಐಟಿ ಕೆಲಸ. ಹ್ಯೂಸ್ಟನ್ನಿನಲ್ಲಿ ಪೂರ್ತಿ ಗ್ರಂಥಿ ತೆಗೆಸಿ ಅಯೋಡಿನ್ ತೆಗೆದುಕೊಂಡರು. ಒಂದು ವರ್ಷಕ್ಕೆ ಥೈರೋಗ್ಲೋಬ್ಯುಲಿನ್ 0.1 ನ್ಯಾನೋಗ್ರಾಮಿಗಿಂತ ಕಡಿಮೆ, ಕುತ್ತಿಗೆಯ ಅಲ್ಟ್ರಾಸೌಂಡ್ ಶುದ್ಧ, ಟಿಎಸ್‌ಎಚ್ 0.8. ಆಮೇಲೆ ಕೆಲಸ ಬದಲಾಗಿ ಡಲ್ಲಾಸಿಗೆ ಹೋದರು. ಹೊಸ ಲ್ಯಾಬಿನಲ್ಲಿ ಥೈರೋಗ್ಲೋಬ್ಯುಲಿನ್ 0.4 ಬಂತು. ರಾತ್ರಿಯೆಲ್ಲ ನಿದ್ದೆಯಿಲ್ಲ, ಊರಿನಲ್ಲಿರುವ ಅಮ್ಮನಿಗೆ ಹೇಳಲೋ ಬೇಡವೋ ಎಂಬ ಸಂಕಟ.

ಇಲ್ಲಿ ಕೇಳಬೇಕಾದದ್ದು ಎರಡು. ಅದೇ ವಿಧಾನದಲ್ಲಿ ಅಳೆದರೇ? ಅದೇ ದಿನದ ಟಿಎಸ್‌ಎಚ್ ಎಷ್ಟು? ಒಂದೇ ರಕ್ತವನ್ನು ಎರಡು ಕಂಪನಿಯ ಕಿಟ್ಟುಗಳಲ್ಲಿ ಅಳೆದರೆ ಎರಡು ಅಂಕಿ ಬರುವುದುಂಟು. ಇನ್ನು ಟಿಎಸ್‌ಎಚ್ ನೋಡಿದರೆ 6.8! ಕಾರಣ ಸಿಕ್ಕಿತು: ಹೊಸ ಕೆಲಸದ ಗಡಿಬಿಡಿಯಲ್ಲಿ ಅವರು ಥೈರಾಯ್ಡ್ ಮಾತ್ರೆಯನ್ನು ತಿಂಡಿಯ ಜೊತೆ, ಕ್ಯಾಲ್ಸಿಯಂ ಮಾತ್ರೆಯ ಜೊತೆಯೇ ನುಂಗುತ್ತಿದ್ದರು. ಕ್ಯಾಲ್ಸಿಯಂ, ಕಬ್ಬಿಣ ಎರಡೂ ಅದನ್ನು ಹೊಟ್ಟೆಯಲ್ಲೇ ತಡೆಯುತ್ತವೆ, ಮಧ್ಯೆ 4 ಗಂಟೆ ಬಿಡಬೇಕು. ಡೋಸ್ ಮುಟ್ಟದೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನಲ್ಲಿ, ಕಾಫಿಗಿಂತ ಒಂದು ಗಂಟೆ ಮೊದಲು ತೆಗೆದುಕೊಂಡರು. ಟಿಎಸ್‌ಎಚ್ ಹೊಸ ಮಟ್ಟದಲ್ಲಿ ನಿಲ್ಲಲು ಆರು ವಾರವಾದರೂ ಬೇಕು. 8 ವಾರ ಕಾದು ಹಳೆಯ ವಿಧಾನದಲ್ಲೇ ಪರೀಕ್ಷಿಸಿದರು. ಟಿಎಸ್‌ಎಚ್ 0.9, ಥೈರೋಗ್ಲೋಬ್ಯುಲಿನ್ ಮತ್ತೆ 0.1ರ ಕೆಳಗೆ. ಅದೇ ಟಿಎಸ್‌ಎಚ್‌ನಲ್ಲಿ, ಅದೇ ವಿಧಾನದಲ್ಲಿ 0.4, 0.9, 1.6 ಎಂದು ಏರುತ್ತಾ ಹೋಗಿದ್ದರೆ ಮಾತು ಬೇರೆ. ಆಗ ಮೊದಲು ಕುತ್ತಿಗೆಯ ಅಲ್ಟ್ರಾಸೌಂಡ್ ಆಗಲೇಬೇಕು.

ಇದರ ತದ್ವಿರುದ್ಧ ಇನ್ನೊಂದಿದೆ, ನನಗೆ ಹೆಚ್ಚು ಭಯ ಹುಟ್ಟಿಸುವುದು ಅದೇ. ಸುಮಾರು ನಾಲ್ಕರಲ್ಲಿ ಒಬ್ಬ ರೋಗಿಯ ರಕ್ತದಲ್ಲಿ ಥೈರೋಗ್ಲೋಬ್ಯುಲಿನ್ ವಿರುದ್ಧವೇ ಆಂಟಿಬಾಡಿ ಇರುತ್ತದೆ. ಸಾಮಾನ್ಯ ಪರೀಕ್ಷೆಯಲ್ಲಿ ಅದು ಅಂಕಿಯನ್ನು ಸುಳ್ಳೇ ಕಡಿಮೆ ತೋರಿಸುತ್ತದೆ. "0.1ಕ್ಕಿಂತ ಕಡಿಮೆ" ಎಂದು ಸಮಾಧಾನಪಡುವ ಮೊದಲು ಅದರ ಕೆಳಗಿನ ಆಂಟಿಬಾಡಿ ಸಾಲನ್ನು ನೋಡಿ. ಆಂಟಿಬಾಡಿ ಇದ್ದರೆ ಥೈರೋಗ್ಲೋಬ್ಯುಲಿನ್ನಿನ ಅಂಕಿಯನ್ನು ಬದಿಗಿಟ್ಟು ಆಂಟಿಬಾಡಿಯನ್ನೇ ಹಿಂಬಾಲಿಸುತ್ತೇವೆ: ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಒಳ್ಳೆಯದು, ಏರುತ್ತಿದ್ದರೆ ಹುಡುಕಬೇಕು. ಮಾಸ್ ಸ್ಪೆಕ್ಟ್ರೋಮೆಟ್ರಿ ಪರೀಕ್ಷೆಗೆ ಈ ಆಂಟಿಬಾಡಿ ಅಷ್ಟು ಅಡ್ಡ ಬರುವುದಿಲ್ಲ, ಆದರೆ ಅದೂ ಕೆಲವರಲ್ಲಿ ರೋಗವಿದ್ದೂ ಏನೂ ತೋರಿಸದೇ ಹೋಗಬಹುದು.

ಕೂದಲು ಉದುರುತ್ತದೆಂದು ಬಯೋಟಿನ್ ನುಂಗುವವರು ಇಲ್ಲಿ ಎಷ್ಟು ಜನರಿದ್ದೀರೋ! ಕೆಲವು ಯಂತ್ರಗಳಲ್ಲಿ ಅದು ಟಿಎಸ್‌ಎಚ್, ಥೈರೋಗ್ಲೋಬ್ಯುಲಿನ್ ಎರಡನ್ನೂ ಸುಳ್ಳೇ ಇಳಿಸಿ ತೋರಿಸುತ್ತದೆ. ರಕ್ತ ಕೊಡುವ ಮುಂಚೆ ಕನಿಷ್ಠ 2 ದಿನ ನಿಲ್ಲಿಸಿ, ದೊಡ್ಡ ಡೋಸ್ ಆದರೆ ಇನ್ನೂ ಮುಂಚೆ, ಡಾಕ್ಟರನ್ನು ಕೇಳಿ. ಹಾಗೇ ಊರು ಬಿಡುವಾಗ ಪೋರ್ಟಲ್ಲಿನಿಂದ ಪ್ಯಾಥಾಲಜಿ ರಿಪೋರ್ಟ್, ಅಯೋಡಿನ್ ಡೋಸ್, ಹಳೆಯ ಥೈರೋಗ್ಲೋಬ್ಯುಲಿನ್ ಅಂಕಿಗಳನ್ನು ಲ್ಯಾಬಿನ ಹೆಸರು, ವಿಧಾನದ ಸಮೇತ ಇಳಿಸಿಕೊಳ್ಳಿ. ಹಳೆಯ ಇನ್ಶೂರೆನ್ಸ್ ಮುಗಿಯುವ ಮೊದಲೇ.